ಈಗ ಸರದಿ ಯಾರದು? ಹೊಸಬರ ಲೇಬಲ್ಲು ಮತ್ತು ಹಳೆಯ ದೂರುಗಳ ಕುರಿತು

ಇಂಗ್ಲಿಷ್ ಅಕ್ಷರಗಳಲ್ಲಿ ಟೈಪ್ ಮಾಡಿದ್ದನ್ನು ಕನ್ನಡ ಲಿಪಿಗೆ ತಿರುಗಿಸುವ ಒಂದು ಸಣ್ಣ ಓಪನ್ ಸೋರ್ಸ್ ಲೈಬ್ರರಿಯನ್ನು ನಾವು ಮೂವರು ಸೇರಿ ಗಿಟ್‌ಹಬ್‌ನಲ್ಲಿ ನೋಡಿಕೊಳ್ಳುತ್ತಿದ್ದೇವೆ. ಬಳಸುವವರು ಸಾಕಷ್ಟಿದ್ದಾರೆ, ಕೋಡ್ ಮುಟ್ಟುವವರು ಮಾತ್ರ ನಾವೇ. ಇಂಥ ಪ್ರಾಜೆಕ್ಟುಗಳಲ್ಲಿ ತೆರೆದ ಇಶ್ಯೂಗಳ ಪಟ್ಟಿ ಬೆಳೆಯುತ್ತಲೇ ಹೋಗುತ್ತದೆ, ಮತ್ತು ಆ ಪಟ್ಟಿಯ ಉದ್ದವನ್ನು ನೋಡಿ ಗಾಬರಿಯಾದ ನಿರ್ವಾಹಕರು ಸಾಮಾನ್ಯವಾಗಿ ಎರಡು ಕೆಲಸ ಮಾಡುತ್ತಾರೆ: ಸುಲಭವೆಂದು ತೋರಿದ ಇಶ್ಯೂಗಳಿಗೆಲ್ಲ `good first issue` ಎಂಬ ಲೇಬಲ್ ಹಚ್ಚುತ್ತಾರೆ, ಉಳಿದವನ್ನು ಮುಚ್ಚಲು ಒಂದು ಬಾಟ್ ಕೂರಿಸುತ್ತಾರೆ. ಎರಡೂ ಒಳ್ಳೆಯ ಸಾಧನಗಳೇ. ಆದರೆ ಎರಡೂ ಕೆಡುವುದು ಒಂದೇ ಕಾರಣಕ್ಕೆ ಎಂಬುದು ನನ್ನ ಅಭಿಪ್ರಾಯ. ಪ್ರತಿಯೊಂದು ಇಶ್ಯೂವಿನಲ್ಲಿಯೂ ಯಾರೋ ಒಬ್ಬರು ಮತ್ತೊಬ್ಬರಿಗಾಗಿ ಕಾಯುತ್ತಿರುತ್ತಾರೆ. ಕಾಯುತ್ತಿರುವವರು ಯಾರು, ಮುಂದಿನ ಹೆಜ್ಜೆ ಇಡಬೇಕಾದವರು ಯಾರು ಎಂದು ನೋಡದೆ ಲೇಬಲ್ ಹಚ್ಚಿದರೆ ಹೊಸಬರು ಸಿಕ್ಕಿಬೀಳುತ್ತಾರೆ, ನೋಡದೆ ಮುಚ್ಚಿದರೆ ದೂರು ಕೊಟ್ಟವರು ಮುನಿಸಿಕೊಳ್ಳುತ್ತಾರೆ.

ಮೊದಲು ಲೇಬಲ್ಲಿನ ವಿಷಯ. ಗಿಟ್‌ಹಬ್‌ನಲ್ಲಿ ಹೊಸ ರೆಪಾಸಿಟರಿ ತೆರೆದಾಗ ತಾನಾಗಿಯೇ ಸಿಗುವ ಲೇಬಲ್‌ಗಳಲ್ಲಿ `good first issue` ಮತ್ತು `help wanted` ಎರಡೂ ಇರುತ್ತವೆ. ಇವು ನಮ್ಮ ಒಳಗಿನ ವಿಂಗಡಣೆಗಷ್ಟೇ ಉಳಿಯುವ ಗುರುತುಗಳಲ್ಲ. ರೆಪಾಸಿಟರಿಯ ವಿಳಾಸದ ಕೊನೆಗೆ `/contribute` ಎಂದು ಸೇರಿಸಿದರೆ ಬರುವ ಪುಟದಲ್ಲಿ `good first issue` ಹಚ್ಚಿದ ಇಶ್ಯೂಗಳು ಸಾಲಾಗಿ ಕಾಣುತ್ತವೆ, ಮತ್ತು ಇದೇ ಲೇಬಲ್ ಹುಡುಕಿ ನೂರಾರು ಪ್ರಾಜೆಕ್ಟುಗಳ ಇಶ್ಯೂಗಳನ್ನು ಒಟ್ಟುಗೂಡಿಸುವ ತಾಣಗಳೂ ಇವೆ. ಹೀಗಾಗಿ ಲೇಬಲ್ ಹಚ್ಚಿದ ಕ್ಷಣದಿಂದ ನಮ್ಮ ಪ್ರಾಜೆಕ್ಟಿನ ಹೆಸರನ್ನೇ ಕೇಳಿರದ ಒಬ್ಬರು, ಹೆಚ್ಚಾಗಿ ಎಂಜಿನಿಯರಿಂಗ್ ಓದುತ್ತಿರುವ ವಿದ್ಯಾರ್ಥಿ, ಅದನ್ನು ಓದುತ್ತಿದ್ದಾರೆ ಎಂದೇ ಭಾವಿಸಬೇಕು.

ನಿರ್ವಾಹಕರು ಈ ಲೇಬಲ್ ಹಚ್ಚುವಾಗ ತಮ್ಮ ಮನಸ್ಸಿನಲ್ಲಿ ಕೇಳಿಕೊಳ್ಳುವ ಪ್ರಶ್ನೆ 'ಇದು ಸಣ್ಣ ಕೆಲಸವೇ?' ಎಂಬುದು. ಕೇಳಬೇಕಾದ ಪ್ರಶ್ನೆ ಅದಲ್ಲ. ಎರಡು ಸಾಲು ಬದಲಿಸಿದರೆ ಮುಗಿಯುವ ಕೆಲಸವಾದರೂ, ಆ ಎರಡು ಸಾಲು ಯಾವುವು ಎಂಬುದರ ಬಗ್ಗೆ ನಾವು ಮೂವರೇ ಒಮ್ಮತಕ್ಕೆ ಬಂದಿಲ್ಲವಾದರೆ ಅದು ಹೊಸಬರ ಕೆಲಸವಲ್ಲ. ಕುಬರ್ನೆಟಿಸ್ ಪ್ರಾಜೆಕ್ಟು ಇದಕ್ಕೆ ಬರೆದಿಟ್ಟಿರುವ ಮಾನದಂಡಗಳಲ್ಲಿ ಸೂಚಿಸಿದ ಪರಿಹಾರ ಇಶ್ಯೂವಿನಲ್ಲಿಯೇ ವಿವರವಾಗಿರಬೇಕು, ಸಂಬಂಧಪಟ್ಟ ಕೋಡ್ ಎಲ್ಲಿದೆ ಎಂದು ತೋರಿಸಿರಬೇಕು ಎಂಬ ಮಾತುಗಳಿವೆ. ಅಂದರೆ ತೀರ್ಮಾನ ಮುಗಿದಿರಬೇಕು, ಕೆಲಸ ಮಾತ್ರ ಬಾಕಿ ಇರಬೇಕು. ಇದನ್ನು ನಮ್ಮದೇ ಒಂದು ಇಶ್ಯೂವಿನ ಮೂಲಕ ವಿವರಿಸುವುದು ಸುಲಭ.

ಒಬ್ಬರು ಬರೆದಿದ್ದರು: 'ನಿಮ್ಮ ಟೂಲಿನಲ್ಲಿ ರ‍್ಯಾಂಕ್ ಅಂತ ಟೈಪ್ ಮಾಡಿ ಡಾಕ್ಯುಮೆಂಟಿನಲ್ಲಿ ಸೇರಿಸಿದ್ದೇನೆ. ಬೇರೆ ಕೀಬೋರ್ಡಿನಲ್ಲಿ ಅದೇ ಪದ ಟೈಪ್ ಮಾಡಿ ಹುಡುಕಿದರೆ ಸಿಗ್ತಾ ಇಲ್ಲ. ನೋಡೋಕೆ ಎರಡೂ ಒಂದೇ ಥರ ಇವೆ.' ದೂರು ಇಷ್ಟೇ, ಮತ್ತು ಬಳಕೆದಾರರಿಂದ ಇದಕ್ಕಿಂತ ಹೆಚ್ಚು ನಿರೀಕ್ಷಿಸುವುದೂ ಸರಿಯಲ್ಲ. ಕಾರಣ ಹುಡುಕಬೇಕಾದವರು ನಾವು. ಕನ್ನಡದಲ್ಲಿ ರಕಾರ, ಹಲಂತ, ಯಕಾರ ಒಂದರ ಹಿಂದೊಂದು ಬಂದರೆ 'ಸೂರ್ಯ'ದಲ್ಲಿರುವಂತೆ ಅರ್ಕಾವತ್ತು ಮೂಡುತ್ತದೆ. 'ರ‍್ಯಾಂಕ್' ಎಂಬಲ್ಲಿ ಅರ್ಕಾವತ್ತು ಬೇಡ, ರಕಾರ ಪೂರ್ಣವಾಗಿ ನಿಂತು ಅದರ ಕೆಳಗೆ ಯಕಾರದ ಒತ್ತು ಬರಬೇಕು. ಅದಕ್ಕಾಗಿ ನಡುವೆ ಜೀರೋ ವಿಡ್ತ್ ಜಾಯ್ನರ್ ಎಂಬ ಕಣ್ಣಿಗೆ ಕಾಣದ ಅಕ್ಷರವೊಂದನ್ನು ಸೇರಿಸುತ್ತೇವೆ. ಯೂನಿಕೋಡ್ ಹೇಳುವಂತೆ ಅದು ಹಲಂತಕ್ಕಿಂತ ಮೊದಲು ಬರಬೇಕು. ನಮ್ಮ ಲೈಬ್ರರಿ ಅದನ್ನು ಹಲಂತದ ನಂತರ ಇಡುತ್ತಿತ್ತು. ಅಕ್ಷರಗಳನ್ನು ಪರದೆಯ ಮೇಲೆ ಜೋಡಿಸುವ ಹಾರ್ಫ್‌ಬಝ್ ಎಂಬ ತಂತ್ರಾಂಶವು ಹಳೆಯ ಪಠ್ಯಗಳಿಗೆ ಹೊಂದಿಕೆಯಾಗಲೆಂದು ಎರಡೂ ಕ್ರಮಗಳನ್ನು ಒಂದೇ ರೀತಿ ತೋರಿಸುತ್ತದೆ. ಆದ್ದರಿಂದ ಕಣ್ಣಿಗೆ ವ್ಯತ್ಯಾಸ ಕಾಣದು, ಹುಡುಕಾಟಕ್ಕೆ ಮಾತ್ರ ಅವು ಬೇರೆ ಬೇರೆ ಪದಗಳು.

ಬದಲಿಸಬೇಕಾದದ್ದು ನಿಯಮಗಳ ಕಡತದಲ್ಲಿ ಒಂದೇ ಸಾಲು. ಹಾಗೆಂದು ಆಗಲೇ ಲೇಬಲ್ ಹಚ್ಚಿಬಿಟ್ಟಿದ್ದರೆ ಏನಾಗುತ್ತಿತ್ತು? ಹೊಸಬರೊಬ್ಬರು ಆ ಸಾಲನ್ನು ತಿದ್ದಿ ಪುಲ್ ರಿಕ್ವೆಸ್ಟ್ ಕಳಿಸುತ್ತಿದ್ದರು, ಆಗ ನಮ್ಮಲ್ಲೊಬ್ಬರು 'ಈಗಾಗಲೇ ಹಳೆಯ ಕ್ರಮದಲ್ಲಿ ಬರೆದಿಟ್ಟ ಪಠ್ಯಗಳ ಗತಿಯೇನು, ಅವನ್ನು ಪರಿವರ್ತಿಸುವ ಫಂಕ್ಷನ್ನೂ ಬೇಕಲ್ಲವೇ' ಎಂದು ಕೇಳುತ್ತಿದ್ದರು, ಇನ್ನೊಬ್ಬರು ಬೇಡವೆನ್ನುತ್ತಿದ್ದರು, ಮತ್ತು ಆ ಚರ್ಚೆಯೆಲ್ಲ ಮೊದಲ ಸಲ ಬಂದ ಅತಿಥಿಯ ಪುಲ್ ರಿಕ್ವೆಸ್ಟಿನ ಕೆಳಗೆ ನಡೆಯುತ್ತಿತ್ತು. ಇಂಥ ಪುಲ್ ರಿಕ್ವೆಸ್ಟುಗಳನ್ನು ಗುರುತಿಸುವುದು ಕಷ್ಟವಲ್ಲ: ಲೇಬಲ್ ಹೊತ್ತ ಇಶ್ಯೂವಿನ ಕೆಳಗೆ ನಿರ್ವಾಹಕರು ತಮ್ಮತಮ್ಮಲ್ಲೇ ಮಾತಾಡಿಕೊಳ್ಳುತ್ತಿರುತ್ತಾರೆ, ಬರೆದವರು ಸುಮ್ಮನಾಗಿರುತ್ತಾರೆ.

ಆದ್ದರಿಂದ ನಾವು ಆ ದೂರನ್ನು ಎರಡಾಗಿ ಒಡೆದೆವು. ಹಳೆಯ ಪಠ್ಯವನ್ನು ಏನು ಮಾಡುವುದು ಎಂಬ ಪ್ರಶ್ನೆ `needs-decision` ಎಂಬ ಲೇಬಲ್ಲಿನೊಂದಿಗೆ ಬೇರೆ ಇಶ್ಯೂ ಆಯಿತು. ಅದು ನಮ್ಮ ಸರದಿ. ಹೊಸದಾಗಿ ಟೈಪ್ ಮಾಡುವುದು ಸರಿಯಾದ ಕ್ರಮದಲ್ಲಿ ಬರಬೇಕು ಎಂಬುದರಲ್ಲಿ ಯಾರಿಗೂ ತಕರಾರಿರಲಿಲ್ಲ, ಹಾಗಾಗಿ ಅದು ಹೊಸಬರಿಗೆ. ಅದರ ವಿವರಣೆಯಲ್ಲಿ ಮೇಲಿನ ಕಾರಣವನ್ನು ನಾಲ್ಕು ಸಾಲಿನಲ್ಲಿ ಬರೆದು, ಕೆಳಗೆ ಹೀಗೆ ಹಾಕಿದೆವು:

```
ಈಗ ಬರುತ್ತಿರುವುದು: U+0CB0 U+0CCD U+200D U+0CAF
ಬರಬೇಕಾದದ್ದು:     U+0CB0 U+200D U+0CCD U+0CAF
```

ನಿಯಮ ಯಾವ ಕಡತದಲ್ಲಿದೆ, ಪರೀಕ್ಷೆಯನ್ನು ಎಲ್ಲಿ ಸೇರಿಸಬೇಕು, ಯಾವ ಆಜ್ಞೆ ಕೊಟ್ಟರೆ ಪರೀಕ್ಷೆಗಳು ಓಡುತ್ತವೆ ಎಂಬುದನ್ನೂ ಬರೆದೆವು. 'ಸೂರ್ಯ' ಪದಕ್ಕೆ ಏನೂ ಆಗಬಾರದು ಎಂಬ ಎರಡನೆಯ ಪರೀಕ್ಷೆಯೂ ಬೇಕೆಂದು ಸೇರಿಸಿದೆವು, ಏಕೆಂದರೆ ಹೊಸಬರು ಎಡವುವುದು ಅಲ್ಲಿಯೇ. ಕೊನೆಯಲ್ಲಿ, ಪ್ರಶ್ನೆಯಿದ್ದರೆ ನಮ್ಮಲ್ಲಿ ಯಾರನ್ನು ಕೇಳಬೇಕು ಎಂಬ ಒಂದು ಸಾಲು. ಇಷ್ಟನ್ನು ಬರೆಯುವ ಹೊತ್ತಿನಲ್ಲಿ ಆ ಒಂದು ಸಾಲನ್ನು ನಾವೇ ತಿದ್ದಿ ಮುಗಿಸಬಹುದಿತ್ತು ಎಂಬುದು ನಿಜ. ಅದನ್ನು ಒಪ್ಪಿಕೊಂಡೇ ಈ ಕೆಲಸಕ್ಕೆ ಇಳಿಯಬೇಕು. ಹೊಸಬರ ಲೇಬಲ್ಲಿನಿಂದ ನಿರ್ವಾಹಕರ ಸಮಯ ಉಳಿಯುತ್ತದೆ ಎಂದು ಯಾರಾದರೂ ಹೇಳಿದರೆ, ಅವರು ಲೇಬಲ್ಲನ್ನು ಹಚ್ಚಿದ್ದಾರೆಯೇ ಹೊರತು ಅದರ ಕೆಳಗೆ ಬಂದ ಪುಲ್ ರಿಕ್ವೆಸ್ಟುಗಳನ್ನು ಓದಿಲ್ಲ ಎಂದು ನಾನು ಅನುಮಾನಿಸುತ್ತೇನೆ.

ಲೇಬಲ್ ಹಚ್ಚಿದ ಮೇಲೆ ಬರುವ ಮೊದಲ ಟಿಪ್ಪಣಿ ಬಹುತೇಕ ಒಂದೇ: 'ಸರ್, ಇದನ್ನು ನನಗೆ ಅಸೈನ್ ಮಾಡಿ.' ಇಶ್ಯೂವಿನಲ್ಲಿ ಟಿಪ್ಪಣಿ ಬರೆದವರು ಹೊರಗಿನವರಾದರೂ ಅವರಿಗೆ ಅದನ್ನು ವಹಿಸಲು ಗಿಟ್‌ಹಬ್‌ನಲ್ಲಿ ಅವಕಾಶವಿದೆ. ತೊಂದರೆಯೆಂದರೆ ವಹಿಸಿಕೊಂಡವರಲ್ಲಿ ಹಲವರು ಮತ್ತೆ ಕಾಣಿಸಿಕೊಳ್ಳುವುದಿಲ್ಲ, ಹೆಸರು ಅಲ್ಲಿಯೇ ಇರುವುದರಿಂದ ಉಳಿದವರು ಮುಟ್ಟುವುದಿಲ್ಲ. ನಾವೀಗ ಬರೀ ಮಾತಿನ ಮೇಲೆ ಯಾರಿಗೂ ವಹಿಸುವುದಿಲ್ಲ. ಅರ್ಧಂಬರ್ಧವಾದರೂ ಸರಿ, ಒಂದು ಡ್ರಾಫ್ಟ್ ಪುಲ್ ರಿಕ್ವೆಸ್ಟ್ ತೆರೆದವರ ಹೆಸರನ್ನು ಸೇರಿಸುತ್ತೇವೆ. ಎರಡು ವಾರ ಸದ್ದಿಲ್ಲದಿದ್ದರೆ 'ಬೇರೆ ಕೆಲಸದ ಒತ್ತಡ ಇರಬಹುದು, ತೊಂದರೆಯಿಲ್ಲ. ಸದ್ಯಕ್ಕೆ ಇದನ್ನು ಬೇರೆಯವರಿಗೂ ತೆರೆದಿಡುತ್ತೇವೆ, ನಿಮಗೆ ಬಿಡುವಾದಾಗ ಮುಂದುವರಿಸಬಹುದು' ಎಂದು ಬರೆದು ಹೆಸರು ತೆಗೆಯುತ್ತೇವೆ. ಅವರ ಅರ್ಧ ಕೆಲಸವನ್ನು ಇನ್ನೊಬ್ಬರು ಪೂರ್ಣಗೊಳಿಸಿದಾಗ ಕಮಿಟ್ ಸಂದೇಶದ ಕೊನೆಯಲ್ಲಿ `Co-authored-by:` ಸಾಲಿನಲ್ಲಿ ಮೊದಲಿನವರ ಹೆಸರೂ ಇರುತ್ತದೆ. ಹೀಗೆ ಬಿಟ್ಟುಹೋದ ಕೆಲಸಕ್ಕೂ ಹೆಸರು ಸಿಕ್ಕಿದ್ದನ್ನು ನೋಡಿ ತಿಂಗಳುಗಳ ನಂತರ ಮರಳಿ ಬಂದವರಿದ್ದಾರೆ.

ಅಕ್ಟೋಬರ್ ತಿಂಗಳ ಬಗ್ಗೆ ಒಂದು ಮಾತು. ಓಪನ್ ಸೋರ್ಸ್ ಕೊಡುಗೆಯನ್ನು ಉತ್ತೇಜಿಸಲು ಆ ತಿಂಗಳು ನಡೆಯುವ ಹ್ಯಾಕ್ಟೋಬರ್‌ಫೆಸ್ಟ್‌ನಲ್ಲಿ ಟೀ ಶರ್ಟಿನ ಆಸೆಗೆ ಬಂದ ಪೊಳ್ಳು ಪುಲ್ ರಿಕ್ವೆಸ್ಟುಗಳ ಹಾವಳಿ 2020ರಲ್ಲಿ ಮಿತಿಮೀರಿ, ಪ್ರಾಜೆಕ್ಟುಗಳು ತಾವಾಗಿ ಒಪ್ಪಿಕೊಂಡರೆ ಮಾತ್ರ ಭಾಗವಹಿಸುವಂತೆ ಆಯೋಜಕರು ನಡುವೆಯೇ ನಿಯಮ ಬದಲಿಸಬೇಕಾಯಿತು. ಅಂಥ ಗದ್ದಲದಲ್ಲಿಯೂ ಮೇಲಿನಂತೆ ಪೂರ್ಣವಾಗಿ ವಿವರಿಸಿದ ಇಶ್ಯೂಗಳಿಗೆ ಬರುವ ಕೆಲಸ ಒಂದು ಮಟ್ಟಕ್ಕೆ ಚೆನ್ನಾಗಿಯೇ ಇರುತ್ತದೆ, ಏಕೆಂದರೆ ಪರೀಕ್ಷೆ ಪಾಸಾಗದೆ ಅಲ್ಲಿ ಏನನ್ನೂ ಒಪ್ಪಿಕೊಳ್ಳುವುದಿಲ್ಲ.

ಇನ್ನು ಹಳೆಯ ದೂರುಗಳು. ಇವನ್ನು ಮುಚ್ಚಲು ಹೆಚ್ಚಿನವರು ಬಳಸುವುದು `actions/stale` ಎಂಬ ಬಾಟ್. ಏನೂ ಹೇಳದೆ ಬಿಟ್ಟರೆ ಅದು 60 ದಿನ ಚಲನೆಯಿಲ್ಲದ ಇಶ್ಯೂವಿಗೆ `Stale` ಎಂಬ ಲೇಬಲ್ ಹಚ್ಚಿ, ಮತ್ತೆ 7 ದಿನ ಕಾದು ಮುಚ್ಚುತ್ತದೆ. ಅದಕ್ಕೆ ಗೊತ್ತಾಗುವುದು ಮೌನವಷ್ಟೇ, ಆ ಮೌನ ಯಾರದು ಎಂಬುದು ಗೊತ್ತಾಗುವುದಿಲ್ಲ. ಬಳಕೆದಾರರು ದೋಷವನ್ನು ವಿವರವಾಗಿ ಬರೆದಿದ್ದಾರೆ, ನಾವೂ ಅದನ್ನು ಒಪ್ಪಿದ್ದೇವೆ, ಸರಿಪಡಿಸಲು ಯಾರಿಗೂ ಪುರುಸೊತ್ತಾಗಿಲ್ಲ. ಇಲ್ಲಿ ಸುಮ್ಮನಿರುವವರು ನಾವು. ಆದರೆ ನೋಟಿಸು ಹೋಗುವುದು ಅವರಿಗೆ. ಅವರು 'ಈ ದೋಷ ಇನ್ನೂ ಇದೆ' ಎಂದು ಒಂದು ಸಾಲು ಬರೆಯುತ್ತಾರೆ, ಗಡಿಯಾರ ಮೊದಲಿನಿಂದ ಓಡುತ್ತದೆ, ಎರಡು ತಿಂಗಳ ನಂತರ ಮತ್ತೆ ನೋಟಿಸು. ತಾಳ್ಮೆಯಿರುವವರ ದೂರು ತೆರೆದಿರುತ್ತದೆ, ಬೇಸತ್ತವರ ದೂರು ಮುಚ್ಚಿಹೋಗುತ್ತದೆ, ದೋಷದ ತೀವ್ರತೆಗೂ ಇದಕ್ಕೂ ಸಂಬಂಧವೇ ಇರುವುದಿಲ್ಲ. ಕೆಲ ಕಾಲದ ನಂತರ ಅದೇ ದೋಷ ಹೊಸ ಇಶ್ಯೂ ಆಗಿ ಬರುತ್ತದೆ, ಹಳೆಯದರಲ್ಲಿದ್ದ ವಿವರಗಳಿಲ್ಲದೆ.

ತಮ್ಮ ಬಾಟ್ ಹೀಗೆ ನಡೆದುಕೊಳ್ಳುತ್ತಿದೆಯೇ ಎಂದು ತಿಳಿಯಲು ನಿರ್ವಾಹಕರು ಇಶ್ಯೂ ಪಟ್ಟಿಯ ಹುಡುಕಾಟದಲ್ಲಿ ಇದನ್ನು ಹಾಕಿ ನೋಡಬಹುದು:

```
is:issue is:closed reason:"not planned" label:Stale sort:reactions-+1-desc
```

ಮುಚ್ಚಿದವುಗಳಲ್ಲಿ ಅತಿ ಹೆಚ್ಚು ಜನ ಹೆಬ್ಬೆರಳು ಎತ್ತಿದ ಇಶ್ಯೂಗಳು ಮೇಲೆ ಬರುತ್ತವೆ. ಮೊದಲ ಪುಟದಲ್ಲಿ ನಿಜವಾದ ದೋಷಗಳೇ ಕಂಡರೆ, ಬಾಟ್ ಕಸ ಗುಡಿಸುತ್ತಿಲ್ಲ.

ದೊಡ್ಡ ಪ್ರಾಜೆಕ್ಟುಗಳು ಇದನ್ನು ಬೇರೆ ಬೇರೆ ರೀತಿಯಲ್ಲಿ ನಿಭಾಯಿಸಿವೆ. ಕುಬರ್ನೆಟಿಸ್‌ನಲ್ಲಿ 90 ದಿನಕ್ಕೆ `lifecycle/stale`, ಆ ನಂತರ 30 ದಿನಕ್ಕೆ `lifecycle/rotten`, ಇನ್ನೂ 30 ದಿನಕ್ಕೆ ಮುಚ್ಚುವುದು ಎಂಬ ಕ್ರಮವಿದೆ. ಆದರೆ `triage/accepted` ಎಂದು ಒಪ್ಪಿಕೊಂಡವನ್ನು ಮುಚ್ಚುವ ಬದಲು ಒಂದು ವರ್ಷದ ನಂತರ ಮತ್ತೆ ಪರಿಶೀಲನೆಯ ಸಾಲಿಗೆ ತಳ್ಳುತ್ತಾರೆ. ಲಿಬ್ರೆ ಆಫೀಸ್ ಮತ್ತು ಕೆಡಿಇ ಯೋಜನೆಗಳ ಕ್ರಮ ನನಗೆ ಹೆಚ್ಚು ಹಿಡಿಸುತ್ತದೆ. ದೂರು ಕೊಟ್ಟವರಿಂದ ಮಾಹಿತಿ ಕೇಳಿ ಆ ಸ್ಥಿತಿಯಲ್ಲಿ ನಿಂತ ದೂರುಗಳಿಗೆ ಮಾತ್ರ ಮುಚ್ಚುವ ಗಡಿಯಾರ ಓಡುತ್ತದೆ: ಲಿಬ್ರೆ ಆಫೀಸ್‌ನಲ್ಲಿ ಆರು ತಿಂಗಳಿಗೆ ಒಂದು ನೆನಪೋಲೆ, ಮತ್ತೊಂದು ತಿಂಗಳಿಗೆ ಮುಕ್ತಾಯ, ಕೆಡಿಇಯಲ್ಲಿ ಹದಿನೈದು ದಿನ, ಮತ್ತೆ ಹದಿನೈದು ದಿನ. ಅವಧಿಯಲ್ಲಿ ಇಷ್ಟು ಅಂತರವಿದ್ದರೂ ತತ್ತ್ವ ಒಂದೇ: ಸರದಿ ಬಳಕೆದಾರರದ್ದಾಗಿದ್ದರೆ ಮಾತ್ರ ಅವರಿಗೆ ಮುಚ್ಚುವ ಎಚ್ಚರಿಕೆ ಕೊಡಬೇಕು.

ನಾವು ಇದೇ ತತ್ತ್ವವನ್ನು ಗಿಟ್‌ಹಬ್‌ಗೆ ಒಗ್ಗಿಸಿಕೊಂಡೆವು. ಮುಖ್ಯ ಸಾಲುಗಳು ಇವು:

```yaml
- uses: actions/stale@v9
  with:
    only-issue-labels: "needs-info"
    days-before-issue-stale: 45
    days-before-issue-close: 21
    days-before-pr-stale: -1
    days-before-pr-close: -1
```

ಅಂದರೆ ನಾವು ಪ್ರಶ್ನೆ ಕೇಳಿ `needs-info` ಹಚ್ಚಿದ ಇಶ್ಯೂಗಳನ್ನು ಮಾತ್ರ ಬಾಟ್ ಮುಟ್ಟುತ್ತದೆ, ಪುಲ್ ರಿಕ್ವೆಸ್ಟುಗಳನ್ನು ಮುಟ್ಟುವುದೇ ಇಲ್ಲ. ಕಾಗದದ ಮೇಲೆ ಇದು ಸಾಕೆನಿಸುತ್ತದೆ, ಆದರೆ ಇದರಲ್ಲೊಂದು ಸೂಕ್ಷ್ಮ ರಂಧ್ರವಿದೆ. ನಾವು ಪ್ರಶ್ನೆ ಕೇಳಿದ ಮೂರನೆಯ ದಿನವೇ ದೂರು ಕೊಟ್ಟವರು ಉತ್ತರಿಸಿದರು ಎಂದುಕೊಳ್ಳಿ. ಸರದಿ ಈಗ ನಮ್ಮದು. ಆದರೆ `needs-info` ಲೇಬಲ್ಲನ್ನು ಕೈಯಾರೆ ತೆಗೆಯಲು ಯಾರಿಗೂ ನೆನಪಾಗದಿದ್ದರೆ ಗಡಿಯಾರ ಆ ಉತ್ತರದ ದಿನದಿಂದ ಮತ್ತೆ ಓಡತೊಡಗುತ್ತದೆ, ಮತ್ತು 45 ದಿನಗಳ ನಂತರ 'ನೀವು ಮಾಹಿತಿ ಕೊಟ್ಟಿಲ್ಲ' ಎಂಬ ಸಂದೇಶ ಮಾಹಿತಿ ಕೊಟ್ಟವರಿಗೇ ಹೋಗುತ್ತದೆ. ದೂರು ಕೊಟ್ಟವರನ್ನು ಇದಕ್ಕಿಂತ ಖಚಿತವಾಗಿ ಓಡಿಸುವ ಉಪಾಯ ಇನ್ನೊಂದಿಲ್ಲ. ಹೀಗಾಗಿ ಟಿಪ್ಪಣಿ ಬಂದಾಗಲೆಲ್ಲ ಓಡುವ, ಅಂದರೆ `issue_comment`ಗೆ ಕಟ್ಟಿದ, ಎರಡನೆಯ ಪುಟ್ಟ ವರ್ಕ್‌ಫ್ಲೋ ಬೇಕೇ ಬೇಕು. ಟಿಪ್ಪಣಿ ಬರೆದವರೂ ದೂರು ಕೊಟ್ಟವರೂ ಒಬ್ಬರೇ ಆಗಿದ್ದರೆ ಅದು ಲೇಬಲ್ಲನ್ನು ಕಳಚುತ್ತದೆ:

```yaml
if: github.event.comment.user.login == github.event.issue.user.login
```

ಈ ಷರತ್ತಿನ ಕೆಳಗೆ `gh issue edit` ಆಜ್ಞೆಗೆ `--remove-label needs-info` ಎಂದು ಕೊಟ್ಟರಾಯಿತು. ಉತ್ತರ ಅಪೂರ್ಣವಾಗಿದ್ದರೂ ಚಿಂತೆಯಿಲ್ಲ. ಓದಿ, ಮತ್ತೆ ಕೇಳಿ, ಮತ್ತೆ ಲೇಬಲ್ ಹಚ್ಚುವುದು ಮನುಷ್ಯರ ಕೆಲಸ. ಬಾಟನ್ನು ಮೊದಲ ಸಲ ಓಡಿಸುವಾಗ `debug-only: true` ಎಂದು ಇಟ್ಟರೆ ಅದು ಯಾವುದನ್ನೂ ಬದಲಿಸದೆ, ಏನು ಮಾಡುತ್ತಿತ್ತು ಎಂಬುದನ್ನು ಮಾತ್ರ ಲಾಗಿನಲ್ಲಿ ಬರೆಯುತ್ತದೆ. ವರ್ಷಗಟ್ಟಲೆ ಹಳೆಯ ಇಶ್ಯೂಗಳಿರುವ ಪ್ರಾಜೆಕ್ಟಿನಲ್ಲಿ ಇದನ್ನು ನೋಡದೆ ಓಡಿಸಿದರೆ ಒಂದೇ ಬೆಳಿಗ್ಗೆ ಹತ್ತಾರು ಜನರ ಅಂಚೆಪೆಟ್ಟಿಗೆಗೆ, ಅವರು ಮರೆತೇಬಿಟ್ಟಿದ್ದ ದೂರಿನ ಬಗ್ಗೆ, ಯಂತ್ರದ ನೋಟಿಸು ಹೋಗುತ್ತದೆ.

ಆ ಹಳೆಯ ರಾಶಿಯನ್ನು ನಾವು ಬಾಟ್‌ಗೆ ಕೊಡಲೇ ಇಲ್ಲ. ವಾರಕ್ಕೆ ಕೆಲವನ್ನು, ಅತಿ ಹಳೆಯದರಿಂದ ಆರಂಭಿಸಿ, ಸರದಿಯ ಪ್ರಕಾರ ಕೈಯಾರೆ ನೋಡುತ್ತೇವೆ. ಒಂದು ಉದಾಹರಣೆ ಕೊಡುತ್ತೇನೆ. ವಿಂಡೋಸ್ 7ರಲ್ಲಿ ತುಂಗಾ ಫಾಂಟ್ ಬಳಸಿದಾಗ 'ಕೊ' ಎಂಬಂಥ ಅಕ್ಷರಗಳ ನಡುವೆ ಚುಕ್ಕೆಗಳ ವೃತ್ತ ಮೂಡುತ್ತದೆ ಎಂದು ಶಾಲಾ ಶಿಕ್ಷಕರೊಬ್ಬರು ಬರೆದಿದ್ದರು. ವಿಂಡೋಸ್ 7ಕ್ಕೆ ಮೈಕ್ರೋಸಾಫ್ಟಿನ ಬೆಂಬಲ 2020ರ ಜನವರಿಯಲ್ಲೇ ನಿಂತಿದೆ, ದೂರು ಅದಕ್ಕೂ ಹಳೆಯದು. 'ಬಹಳ ಹಳೆಯದು' ಎಂದಷ್ಟೇ ಬರೆದು ಮುಚ್ಚಬಹುದಿತ್ತು. ಆದರೆ ದೋಷ ಆ ಫಾಂಟಿನದೋ, ನಮ್ಮ ಲೈಬ್ರರಿ ಸ್ವರಚಿಹ್ನೆಯನ್ನು ಒಂದೇ ಸಂಕೇತವಾಗಿ ಕೊಡದೆ ಎರಡು ತುಂಡಾಗಿ ಕೊಡುತ್ತಿತ್ತೋ ಎಂಬುದು ತಿಳಿಯದೆ ಮುಚ್ಚಿದರೆ ಅದು ಮತ್ತೆಲ್ಲೋ ತಲೆಯೆತ್ತುತ್ತದೆ. ವಿಂಡೋಸ್ 11ರಲ್ಲಿ ತುಂಗಾ ತಾನಾಗಿ ಇರುವುದಿಲ್ಲ, ಕನ್ನಡದ ಪೂರಕ ಫಾಂಟುಗಳನ್ನು ಬೇರೆಯಾಗಿ ಹಾಕಿಕೊಳ್ಳಬೇಕು. ಅದನ್ನು ಹಾಕಿ, ಈಗಿನ ಆವೃತ್ತಿಯಿಂದ ಅದೇ ಪದಗಳನ್ನು ಬರೆದು ನೋಡಿದ ಮೇಲೆ, ಹೀಗೆ ಉತ್ತರಿಸಿದೆವು:

> ನಮಸ್ಕಾರ. ಉತ್ತರ ಬಹಳ ತಡವಾಯಿತು, ಕ್ಷಮಿಸಿ. ನೀವು ಬರೆದಿದ್ದ ನಾಲ್ಕೂ ಪದಗಳನ್ನು ಈಗಿನ ಆವೃತ್ತಿಯಲ್ಲಿ, ವಿಂಡೋಸ್ 11ರಲ್ಲಿ, ತುಂಗಾ ಮತ್ತು ನಿರ್ಮಲಾ ಯುಐ ಎರಡೂ ಫಾಂಟುಗಳಲ್ಲಿ ಪರೀಕ್ಷಿಸಿದೆವು. ಚುಕ್ಕೆಗಳ ವೃತ್ತ ಕಾಣಿಸಲಿಲ್ಲ. ವಿಂಡೋಸ್ 7 ಇರುವ ಯಂತ್ರ ನಮ್ಮ ಬಳಿ ಇಲ್ಲದ ಕಾರಣ ಅಲ್ಲಿ ನೋಡಲಾಗಿಲ್ಲ. ಆದ್ದರಿಂದ ಇದನ್ನು ಸದ್ಯಕ್ಕೆ ಮುಚ್ಚುತ್ತಿದ್ದೇವೆ. ನಿಮಗೆ ಈಗಲೂ ಈ ತೊಂದರೆ ಇದ್ದರೆ ಇಲ್ಲಿಯೇ ಒಂದು ಸಾಲು ಬರೆಯಿರಿ, ನಾವೇ ಮತ್ತೆ ತೆರೆಯುತ್ತೇವೆ. ನೀವು ಪದಗಳನ್ನು ಬಿಡಿಬಿಡಿಯಾಗಿ ಬರೆದುಕೊಟ್ಟಿದ್ದರಿಂದಲೇ ಇಷ್ಟು ವರ್ಷಗಳ ನಂತರವೂ ಇದನ್ನು ಪರೀಕ್ಷಿಸಲು ಸಾಧ್ಯವಾಯಿತು.

'ಬೇಕಿದ್ದರೆ ನೀವೇ ಮತ್ತೆ ತೆರೆಯಿರಿ' ಎಂದು ಬರೆಯದೆ 'ನಾವೇ ತೆರೆಯುತ್ತೇವೆ' ಎಂದು ಬರೆದದ್ದಕ್ಕೆ ಕಾರಣವಿದೆ. ಗಿಟ್‌ಹಬ್‌ನಲ್ಲಿ ದೂರು ಕೊಟ್ಟವರು ತಾವೇ ಮುಚ್ಚಿದ್ದನ್ನು ತೆರೆಯಬಲ್ಲರೇ ಹೊರತು ನಿರ್ವಾಹಕರು ಮುಚ್ಚಿದ್ದನ್ನು ತೆರೆಯಲಾರರು. ಅವರಿಗೆ ಆ ಗುಂಡಿಯೇ ಕಾಣುವುದಿಲ್ಲ. ಎಷ್ಟೋ ಬಾಟ್‌ಗಳು ಸೌಜನ್ಯಕ್ಕೆಂದು ಹೇಳುವ ಆ ಮಾತು ಇಲ್ಲದ ಬಾಗಿಲನ್ನು ತೋರಿಸಿದಂತಾಗುತ್ತದೆ. ಇದೇ ಕಾರಣಕ್ಕೆ ಮುಚ್ಚಿದ ಇಶ್ಯೂಗಳ ಟಿಪ್ಪಣಿಗಳಿಗೆ ಬೀಗ ಹಾಕುವುದಿಲ್ಲ. ಮುಚ್ಚುವಾಗ ಕಾರಣವನ್ನೂ ಸರಿಯಾಗಿ ಆರಿಸುತ್ತೇವೆ: ಸರಿಪಡಿಸಿದ್ದಕ್ಕೆ `completed`, ಉಳಿದದ್ದಕ್ಕೆ `not planned`. ಆದರೆ ಈ ಎರಡನೆಯ ಪದ ಬೂದು ಬಣ್ಣದಲ್ಲಿ ಒರಟಾಗಿ ಕಾಣುವುದರಿಂದ ಅದರ ಮೇಲೆ ಒಂದು ವಿವರಣೆ ಇರಲೇಬೇಕು. ಉತ್ತರದ ಭಾಷೆ ದೂರಿನ ಭಾಷೆಯೇ ಆಗಿರುತ್ತದೆ. ಕನ್ನಡವನ್ನು ಇಂಗ್ಲಿಷ್ ಅಕ್ಷರಗಳಲ್ಲಿ ಬರೆದವರಿಗೂ ಕನ್ನಡದಲ್ಲೇ ಉತ್ತರಿಸುತ್ತೇವೆ.

ನಾವು ಮಾಡಲು ಒಪ್ಪದ ಕೋರಿಕೆಗಳದ್ದು ಬೇರೆಯೇ ಮಾತು. ಲೈಬ್ರರಿಯೊಳಗೇ ಕಾಗುಣಿತ ಪರೀಕ್ಷಕ ಬೇಕು ಎಂದು ಒಬ್ಬರು ಕೇಳಿದರೆ, ಅದು ಈ ಪ್ರಾಜೆಕ್ಟಿನ ವ್ಯಾಪ್ತಿಗೆ ಬರುವುದಿಲ್ಲ ಎಂದು ಮೊದಲ ವಾರದಲ್ಲೇ ಕಾರಣ ಸಹಿತ ಹೇಳಿ ಮುಚ್ಚುವುದು ಲೇಸು. ಬೇಡ ಎನ್ನಲು ಸಂಕೋಚಪಟ್ಟು ತೆರೆದಿಟ್ಟು, ಆ ಬೇಡ ಎಂಬ ಮಾತನ್ನು ಮುಂದೊಂದು ದಿನ ಬಾಟ್‌ನಿಂದ ಹೇಳಿಸುವುದು ದಾಕ್ಷಿಣ್ಯವೂ ಅಲ್ಲ, ಮರ್ಯಾದೆಯೂ ಅಲ್ಲ.

ಈ ವ್ಯವಸ್ಥೆಯಲ್ಲಿ ಬಗೆಹರಿಯದೆ ಉಳಿದಿರುವುದು `needs-decision` ರಾಶಿ. ಹೊಸಬರಿಗೆ ಕೊಡಲು ಅವು ಸಿದ್ಧವಿಲ್ಲ, ಸರದಿ ನಮ್ಮದಾದ್ದರಿಂದ ಬಾಟ್ ಅವನ್ನು ಮುಟ್ಟುವಂತಿಲ್ಲ. ಹಳೆಯ ಪಠ್ಯದಲ್ಲಿನ ರ‍್ಯಾಂಕ್‌ಗಳನ್ನು ಪರಿವರ್ತಿಸಬೇಕೇ ಎಂಬ ಪ್ರಶ್ನೆಯೂ ಅಲ್ಲಿಯೇ ಇದೆ. ಸದ್ಯಕ್ಕೆ ನಾವು ಮಾಡಿಕೊಂಡಿರುವ ಏರ್ಪಾಡೆಂದರೆ, ಪ್ರತಿ ಬಿಡುಗಡೆಗೆ ಮುನ್ನ ಆ ರಾಶಿಯಿಂದ ಕನಿಷ್ಠ ಮೂರನ್ನು ಎತ್ತಿಕೊಂಡು, ಮೂವರೂ ಕರೆಯಲ್ಲಿ ಕೂತು, ಹೌದು ಅಥವಾ ಇಲ್ಲ ಎಂದು ಬರೆದು ಏಳುವುದು. ಹೌದು ಎಂದವುಗಳಲ್ಲಿ ಹೊಸಬರಿಗೆ ತಕ್ಕದ್ದು ಇದ್ದರೆ ಅದರ ವಿವರಣೆ ಬರೆಯುವ ಕೆಲಸ, ಕರೆಯಲ್ಲಿ ಅದರ ಪರವಾಗಿ ವಾದಿಸಿದವರ ಪಾಲಿಗೆ ಬರುತ್ತದೆ.